ಮಂಡಿಯ ಕೆಳಗಿನ ಒಂದು ತಟ್ಟು: ನೀ ಜರ್ಕ್ ಬರಿಸುವ ಕ್ರಮ ಮತ್ತು ಅದರ ಹಿಂದಿರುವ ಸ್ನಾಯು ಕದಿರು

ಮಂಡಿಚಿಪ್ಪಿನ ಕೆಳಗೆ ವೈದ್ಯರು ರಬ್ಬರಿನ ಸುತ್ತಿಗೆಯಿಂದ ತಟ್ಟಿದಾಗ ಕಾಲು ತಾನಾಗಿಯೇ ಮುಂದಕ್ಕೆ ಚಿಮ್ಮುವುದನ್ನು ಬಹುತೇಕ ಎಲ್ಲರೂ ನೋಡಿರುತ್ತಾರೆ. ಇದನ್ನು ಆಸ್ಪತ್ರೆಗಳಲ್ಲಿ ನೀ ಜರ್ಕ್ ಎನ್ನುತ್ತಾರೆ. ಸುತ್ತಿಗೆ ಬಿದ್ದದ್ದು ಸ್ನಾಯುರಜ್ಜುವಿನ ಮೇಲಾದ್ದರಿಂದ ಆ ರಜ್ಜುವೇ ಪೆಟ್ಟನ್ನು ಗ್ರಹಿಸಿ ಸುದ್ದಿ ಕಳುಹಿಸಿತು ಎಂದು ಹಲವರು ತಿಳಿಯುತ್ತಾರೆ. ‘ಟೆಂಡನ್ ರಿಫ್ಲೆಕ್ಸ್’ ಎಂಬ ಹೆಸರೂ ಆ ತಪ್ಪು ತಿಳಿವಳಿಕೆಗೆ ಪುಷ್ಟಿ ಕೊಡುತ್ತದೆ. ಆದರೆ ಇಲ್ಲಿ ರಜ್ಜು ಕೇವಲ ಒಂದು ಹಿಡಿಕೆ. ಅದನ್ನು ತಟ್ಟಿದಾಗ ನಾವು ನಿಜವಾಗಿ ಮಾಡುವುದು ತೊಡೆಯ ಮುಂಭಾಗದ ದೊಡ್ಡ ಸ್ನಾಯುವನ್ನು ಕ್ಷಣಮಾತ್ರ, ಬಹಳ ಸ್ವಲ್ಪ, ಆದರೆ ಬಹಳ ವೇಗವಾಗಿ ಹಿಗ್ಗಿಸುವ ಕೆಲಸ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ರೋಗಿಯನ್ನು ಹೇಗೆ ಕೂರಿಸಬೇಕು, ಸುತ್ತಿಗೆಯನ್ನು ಹೇಗೆ ಬೀಸಬೇಕು, ಉತ್ತರ ಬಾರದಿದ್ದರೆ ಏನು ಮಾಡಬೇಕು ಎಂಬುದೆಲ್ಲ ಬಾಯಿಪಾಠವಾಗದೆ ತಾನಾಗಿ ಹೊಳೆಯುತ್ತದೆ. ವೈದ್ಯಕೀಯ, ಶುಶ್ರೂಷೆ ಮತ್ತು ಫಿಸಿಯೋಥೆರಪಿ ಓದುವ ಆರಂಭದ ವರ್ಷಗಳ ವಿದ್ಯಾರ್ಥಿಗಳನ್ನು ಗಮನದಲ್ಲಿಟ್ಟುಕೊಂಡು ಬರೆದ ಮಾರ್ಗದರ್ಶಿ ಇದು. ಕುತೂಹಲವಿರುವ ಇತರರೂ ಇದನ್ನು ಅನುಸರಿಸಬಹುದು.

ತಟ್ಟುವ ಮೊದಲು: ಸ್ನಾಯುವಿನೊಳಗಿನ ಕದಿರು

ನೂಲುವ ಕದಿರಿಗೆ ಎಳೆ ಸುತ್ತಿಕೊಂಡಾಗ ಅದರ ನಡು ದಪ್ಪವಾಗಿ ಎರಡೂ ತುದಿಗಳು ಸಪೂರವಾಗಿ ಕಾಣುತ್ತವೆ. ಸ್ನಾಯುಗಳ ಒಳಗೆ ಇದೇ ಆಕಾರದ, ಕೆಲವೇ ಮಿಲಿಮೀಟರ್ ಉದ್ದದ ಪುಟ್ಟ ಅಂಗಗಳು ಅಲ್ಲಲ್ಲಿ ಹುದುಗಿವೆ. 1863ರಲ್ಲಿ ಜರ್ಮನಿಯ ವಿಲ್ಲಿ ಕ್ಯೂನೆ ಇವುಗಳಿಗೆ ತಮ್ಮ ಭಾಷೆಯಲ್ಲಿ ‘ಸ್ನಾಯು ಕದಿರು’ ಎಂಬ ಅರ್ಥ ಬರುವ ಹೆಸರಿಟ್ಟರು. ಇವು ಸಂವೇದನೆಯ ಅಂಗಗಳೇ ಎಂಬುದು ಖಚಿತವಾದದ್ದು 1894ರಲ್ಲಿ, ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ಇವುಗಳಿಂದ ಹೊರಡುವ ನರತಂತುಗಳು ಬೆನ್ನುಹುರಿಗೆ ಸುದ್ದಿ ಒಯ್ಯುವ ಜ್ಞಾನವಾಹಿ ತಂತುಗಳೆಂದು ತೋರಿಸಿದಾಗ.

ಕದಿರಿನ ಹೊರಗೆ ಒಂದು ತೆಳುವಾದ ಪೊರೆಯಿದೆ. ಒಳಗೆ ಬೆರಳೆಣಿಕೆಯಷ್ಟು ಅತಿ ಸಣ್ಣ ಸ್ನಾಯುತಂತುಗಳಿವೆ. ಈ ತಂತುಗಳ ಎರಡೂ ತುದಿಗಳು ಸಂಕುಚಿಸಬಲ್ಲವು, ಆದರೆ ನಡುಭಾಗ ಸಂಕುಚಿಸುವುದಿಲ್ಲ. ಆ ನಡುಭಾಗದ ಸುತ್ತ ಒಂದು ದಪ್ಪ ನರತಂತುವಿನ ತುದಿ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಇದಕ್ಕೆ ಒನ್-ಎ ತಂತು ಎಂದು ಹೆಸರು. ಸ್ನಾಯು ಹಿಗ್ಗಿದರೆ ಕದಿರೂ ಹಿಗ್ಗುತ್ತದೆ, ನಡುಭಾಗ ಎಳೆಯಲ್ಪಡುತ್ತದೆ, ಸುರುಳಿ ಬಿಡಿಸಿಕೊಳ್ಳುತ್ತದೆ, ನರದ ಪೊರೆಯಲ್ಲಿರುವ ಎಳೆತಕ್ಕೆ ತೆರೆದುಕೊಳ್ಳುವ ಸೂಕ್ಷ್ಮ ದ್ವಾರಗಳು ತೆರೆದು ವಿದ್ಯುತ್ ಸಂಕೇತಗಳು ಹೊರಡುತ್ತವೆ.

ಎರಡು ಗುಣಗಳನ್ನು ಇಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮೊದಲನೆಯದು, ಕದಿರು ಸ್ನಾಯುವಿನ ಸಾಮಾನ್ಯ ತಂತುಗಳ ಪಕ್ಕದಲ್ಲಿ, ಅವುಗಳಿಗೆ ಸಮಾಂತರವಾಗಿ ಮಲಗಿದೆ. ಆದ್ದರಿಂದ ಅದು ಅಳೆಯುವುದು ಸ್ನಾಯುವಿನ ಉದ್ದವನ್ನು, ಬಲವನ್ನಲ್ಲ. ಬಲವನ್ನು ಅಳೆಯುವ ಬೇರೊಂದು ಅಂಗ ಸ್ನಾಯು ಮತ್ತು ರಜ್ಜು ಕೂಡುವಲ್ಲಿ ಇದೆ. ಅದಕ್ಕೆ ಗಾಲ್ಗಿ ಟೆಂಡನ್ ಅಂಗ ಎನ್ನುತ್ತಾರೆ. ತಟ್ಟಿದಾಗ ಕಾಲು ಚಿಮ್ಮುವುದಕ್ಕೆ ಅದು ಕಾರಣವಲ್ಲ. ಸ್ನಾಯು ತಾನಾಗಿ ಸಂಕುಚಿಸಿ ಬಿಗಿದಾಗ ಅದು ಚೆನ್ನಾಗಿ ಪ್ರತಿಕ್ರಿಯಿಸುತ್ತದೆಯೇ ಹೊರತು ಸಡಿಲವಾಗಿರುವ ಸ್ನಾಯುವನ್ನು ಹೊರಗಿನಿಂದ ಹಿಗ್ಗಿಸಿದಾಗ ಅಷ್ಟಾಗಿ ಪ್ರತಿಕ್ರಿಯಿಸುವುದಿಲ್ಲ. ಎರಡನೆಯ ಗುಣ, ಕದಿರಿನ ಒನ್-ಎ ತಂತು ಉದ್ದಕ್ಕಿಂತಲೂ ಉದ್ದ ಬದಲಾಗುವ ವೇಗಕ್ಕೆ ಹೆಚ್ಚು ಸ್ಪಂದಿಸುತ್ತದೆ. ಅದೇ ಸ್ನಾಯುವನ್ನು ಒಂದು ಸೆಂಟಿಮೀಟರ್ ನಿಧಾನವಾಗಿ ಎಳೆದಾಗ ಸಂಕೇತಗಳು ಒಂದೊಂದಾಗಿ ಹೊರಡಬಹುದು. ಒಂದು ಮಿಲಿಮೀಟರಿಗಿಂತ ಕಡಿಮೆ ಹಿಗ್ಗಿಸಿದರೂ ಅದನ್ನು ಥಟ್ಟನೆ ಮಾಡಿದರೆ ಸಾಕು, ಸ್ನಾಯುವಿನ ತುಂಬ ಇರುವ ಕದಿರುಗಳು ಹೆಚ್ಚುಕಡಿಮೆ ಒಂದೇ ಕ್ಷಣಕ್ಕೆ ಕೂಗುತ್ತವೆ.

ಈ ‘ಒಂದೇ ಕ್ಷಣಕ್ಕೆ’ ಎಂಬ ಮಾತು ಮುಂದಿನ ಎಲ್ಲಕ್ಕೂ ಕೀಲಿ. ತೇರಿನ ಹಗ್ಗವನ್ನು ನೂರು ಜನ ಹಿಡಿದಿದ್ದರೂ ಒಬ್ಬೊಬ್ಬರು ಒಂದೊಂದು ಗಳಿಗೆಯಲ್ಲಿ ಎಳೆದರೆ ತೇರು ಮಿಸುಕುವುದಿಲ್ಲ. ಕೂಗಿಗೆ ಸರಿಯಾಗಿ ಎಲ್ಲರೂ ಒಟ್ಟಿಗೆ ಎಳೆದಾಗಲೇ ಗಾಲಿ ಉರುಳುತ್ತದೆ. ಸ್ನಾಯುವಿಗೆ ಸಂಕುಚಿಸುವ ಆಜ್ಞೆ ಕಳುಹಿಸುವ, ಬೆನ್ನುಹುರಿಯಲ್ಲಿರುವ ಕ್ರಿಯಾವಾಹಿ ನರಕೋಶವೂ ಹಾಗೆಯೇ. ಒಂದು ಒನ್-ಎ ತಂತುವಿನ ಒಂದು ಸಂಕೇತ ಅದನ್ನು ಕದಲಿಸಲಾರದು, ಆದರೆ ಹಲವಾರು ತಂತುಗಳ ಸಂಕೇತಗಳು ಒಟ್ಟಿಗೆ ಬಂದು ಬಿದ್ದರೆ ಅದು ಸಿಡಿಯುತ್ತದೆ.

ಕೂರಿಸುವುದು

ಪರೀಕ್ಷಿಸಿಕೊಳ್ಳುವವರು ಎತ್ತರದ ಮೇಜಿನ ಅಂಚಿನಲ್ಲಿ ಕುಳಿತು, ಪಾದಗಳು ನೆಲಕ್ಕೆ ತಾಗದಂತೆ ಕಾಲುಗಳನ್ನು ಇಳಿಬಿಡಬೇಕು. ಮೇಜು ಇಲ್ಲದಿದ್ದರೆ ಕುರ್ಚಿಯಲ್ಲಿ ಕುಳಿತು ಒಂದು ಕಾಲಿನ ಮೇಲೆ ಇನ್ನೊಂದನ್ನು ಹಾಕಿಕೊಳ್ಳಬಹುದು. ಹಾಸಿಗೆಯಿಂದ ಏಳಲಾಗದವರಾದರೆ ನಿಮ್ಮ ಎಡಗೈಯನ್ನು ಅವರ ಎರಡೂ ಮಂಡಿಗಳ ಕೆಳಗೆ ತೂರಿಸಿ, ಮಂಡಿಗಳನ್ನು ಸ್ವಲ್ಪ ಎತ್ತಿ ಹಿಡಿದು, ಕಾಲಿನ ಪೂರ್ತಿ ಭಾರ ನಿಮ್ಮ ತೋಳಿನ ಮೇಲೆ ಬೀಳುವಂತೆ ಮಾಡಬೇಕು.

ಮಂಡಿ ಬಾಗಿರಬೇಕು ಎಂಬುದಕ್ಕೆ ಕಾರಣವಿದೆ. ಕಾಲು ನೀಳವಾಗಿ ಚಾಚಿದ್ದಾಗ ಮಂಡಿಚಿಪ್ಪಿನ ಕೆಳಗಿನ ರಜ್ಜು ಸಡಿಲವಾಗಿರುತ್ತದೆ. ಸಡಿಲವಾದ ಹಗ್ಗವನ್ನು ತಟ್ಟಿದರೆ ಅದು ಒಳಕ್ಕೆ ಬಗ್ಗುತ್ತದೆಯೇ ಹೊರತು ಆ ಎಳೆತ ಅದರ ಇನ್ನೊಂದು ತುದಿಗೆ ಮುಟ್ಟುವುದಿಲ್ಲ. ಮಂಡಿ ಸುಮಾರು ಲಂಬಕೋನದಲ್ಲಿ ಬಾಗಿದಾಗ ರಜ್ಜು ಹದವಾಗಿ ಬಿಗಿದಿರುತ್ತದೆ. ಆಗ ತಟ್ಟಿದ ಪೆಟ್ಟು ನೇರವಾಗಿ ಸ್ನಾಯುವಿಗೆ ಎಳೆತವಾಗಿ ತಲುಪುತ್ತದೆ. ತೀರ ಹೆಚ್ಚು ಬಾಗಿಸಿದರೂ ಕಾಲು ಚಿಮ್ಮಲು ಅಡ್ಡಿಯಾಗುತ್ತದೆ.

ಕೂರಿಸಿದ ಮೇಲೆ ತೊಡೆ ನಿಜವಾಗಿಯೂ ಸಡಿಲವಾಗಿದೆಯೇ ಎಂದು ನೋಡಬೇಕು. ಇಳಿಬಿಟ್ಟ ಪಾದವನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಅದು ಉಯ್ಯಾಲೆಯಂತೆ ಹಿಂದೆ ಮುಂದೆ ಆಡಬೇಕು. ಅದು ತಳ್ಳಿದಲ್ಲೇ ನಿಂತುಬಿಟ್ಟರೆ ವ್ಯಕ್ತಿ ಅರಿವಿಲ್ಲದೆಯೇ ಕಾಲನ್ನು ಬಿಗಿಹಿಡಿದಿದ್ದಾರೆ ಎಂದರ್ಥ. ‘ಕಾಲು ಸಡಿಲ ಬಿಡಿ’ ಎಂದು ಪದೇಪದೇ ಹೇಳುವುದರಿಂದ ಬಿಗಿತ ಹೆಚ್ಚಾಗುವುದೇ ಹೆಚ್ಚು. ಊರು, ಮನೆ, ಬಂದ ಬಸ್ಸು, ಹೀಗೆ ಏನಾದರೂ ಮಾತನಾಡಿಸುವುದೇ ಉತ್ತಮ ಉಪಾಯ.

ತಟ್ಟುವುದು

ಮೊದಲು ರಜ್ಜುವನ್ನು ಬೆರಳಿನಿಂದ ಹುಡುಕಿಕೊಳ್ಳಿ. ಮಂಡಿಚಿಪ್ಪಿನ ಕೆಳ ಅಂಚನ್ನು ಮುಟ್ಟಿ, ಅಲ್ಲಿಂದ ಕೆಳಕ್ಕೆ ಜಾರಿದರೆ ಕೆಳಗಾಲಿನ ಎಲುಬಿನ ಮುಂದಿರುವ ಉಬ್ಬು ಸಿಗುತ್ತದೆ. ಇವೆರಡರ ನಡುವೆ, ಎರಡೂ ಪಕ್ಕದ ಮೆತ್ತನೆಯ ತಗ್ಗುಗಳ ಮಧ್ಯೆ, ಹುರಿಯಂತೆ ಗಟ್ಟಿಯಾಗಿ ಸಿಗುವುದೇ ನೀವು ತಟ್ಟಬೇಕಾದ ಪಟ್ಟಿ. ಕಣ್ಣಂದಾಜಿನಲ್ಲಿ ತಟ್ಟಲು ಹೋಗಿ ಚಿಪ್ಪಿನ ಮೇಲೋ ಎಲುಬಿನ ಮೇಲೋ ಹೊಡೆಯುವುದು ಆರಂಭದವರಲ್ಲಿ ಬಹಳ ಸಾಮಾನ್ಯ. ಅದರಿಂದ ನೋವಾಗುತ್ತದೆ, ನೋವಿನಿಂದ ಕಾಲು ಬಿಗಿಯುತ್ತದೆ, ಮುಂದಿನ ತಟ್ಟುಗಳೆಲ್ಲ ವ್ಯರ್ಥವಾಗುತ್ತವೆ.

ನಿಮ್ಮ ಒಂದು ಕೈಯನ್ನು ಅವರ ತೊಡೆಯ ಮುಂಭಾಗದ ಮೇಲೆ, ಮಂಡಿಗಿಂತ ಒಂದು ಗೇಣು ಮೇಲೆ, ಹಗುರವಾಗಿ ಇಡಿ. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆದರೆ ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಇದೇ ಅತ್ಯಂತ ಉಪಯುಕ್ತವಾದ ಅಭ್ಯಾಸ. ಭಾರವಾದ ಕಾಲು ಕಣ್ಣಿಗೆ ಕಾಣುವಷ್ಟು ಚಲಿಸದಿದ್ದರೂ ಸ್ನಾಯು ಅಂಗೈಯ ಕೆಳಗೆ ಒಮ್ಮೆ ಹಾರಿದ್ದು ತಿಳಿಯುತ್ತದೆ. ನಾವು ಹುಡುಕುತ್ತಿರುವುದು ಸ್ನಾಯುವಿನ ಸಂಕುಚನವನ್ನೇ; ಕಾಲಿನ ಚಲನೆ ಅದರ ಪರಿಣಾಮ ಮಾತ್ರ.

ಸುತ್ತಿಗೆಯನ್ನು ಹಿಡಿಯ ತುದಿಯ ಹತ್ತಿರ ಸಡಿಲವಾಗಿ ಹಿಡಿದು, ಮಣಿಕಟ್ಟಿನಿಂದ ಬೀಸಿ, ಅದರ ತಲೆ ತನ್ನ ಭಾರಕ್ಕೆ ತಾನೇ ಬೀಳುವಂತೆ ಬಿಡಬೇಕು. ಬಿದ್ದೊಡನೆ ಅದು ಪುಟಿಯಬೇಕು. ಮೊಳೆ ಹೊಡೆಯುವಂತೆ ತೋಳಿನ ಬಲ ಹಾಕಿ ಒತ್ತಿದರೆ ಬಲ ಹೆಚ್ಚಾಗುತ್ತದೆಯೇ ಹೊರತು ವೇಗ ಹೆಚ್ಚುವುದಿಲ್ಲ, ಮತ್ತು ಕದಿರು ಕೇಳುವುದು ವೇಗವನ್ನು. ಸುತ್ತಿಗೆ ಇಲ್ಲದಿದ್ದರೆ ಬಾಗಿಸಿದ ಬೆರಳುಗಳ ತುದಿಯಿಂದ ಅಥವಾ ಅಂಗೈಯ ಹೊರ ಅಂಚಿನಿಂದ ಚುರುಕಾಗಿ ತಟ್ಟಿದರೂ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಸಾಕಾಗುತ್ತದೆ. ಮಂಡಿಯಲ್ಲಿ ಗಾಯ, ಊತ ಅಥವಾ ಇತ್ತೀಚಿನ ಶಸ್ತ್ರಚಿಕಿತ್ಸೆ ಇರುವವರ ಮೇಲೆ ಇದನ್ನು ಅಭ್ಯಾಸ ಮಾಡಬಾರದು.

ಒಂದು ತಟ್ಟಿಗೂ ಇನ್ನೊಂದು ತಟ್ಟಿಗೂ ನಡುವೆ ಐದರಿಂದ ಹತ್ತು ಸೆಕೆಂಡು ಬಿಡಿ. ಒಂದೇ ಸಮನೆ ಟಕಟಕ ಬಾರಿಸಿದರೆ ಒನ್-ಎ ತಂತು ಮತ್ತು ಕ್ರಿಯಾವಾಹಿ ಕೋಶ ಸೇರುವಲ್ಲಿ ಸಂಕೇತದ ಬಲ ಕೆಲವು ಸೆಕೆಂಡುಗಳ ಕಾಲ ಕುಗ್ಗಿರುತ್ತದೆ. ಮೊದಲ ತಟ್ಟಿಗೆ ಚೆನ್ನಾಗಿ ಬಂದ ಉತ್ತರ ನಾಲ್ಕನೆಯದಕ್ಕೆ ಮಂಕಾಗಿ ಕಂಡರೆ ಅದು ರೋಗವಲ್ಲ, ನಮ್ಮ ಆತುರ.

ಸುಮಾರು ಇಪ್ಪತ್ತು ಮಿಲಿಸೆಕೆಂಡಿನಲ್ಲಿ ನಡೆಯುವುದು

ಸಾಮಾನ್ಯ ಎತ್ತರದ ಒಬ್ಬ ವಯಸ್ಕರನ್ನು ಕಲ್ಪಿಸಿಕೊಂಡು ಈ ದಾರಿಯ ಲೆಕ್ಕ ಹಾಕೋಣ. ಸುತ್ತಿಗೆ ರಜ್ಜುವನ್ನು ಒಳಕ್ಕೆ ಒತ್ತುತ್ತದೆ. ರಜ್ಜು ಮಂಡಿಚಿಪ್ಪನ್ನು ಕೆಳಕ್ಕೆ ಎಳೆಯುತ್ತದೆ. ಚಿಪ್ಪಿಗೆ ಅಂಟಿಕೊಂಡಿರುವ ತೊಡೆಯ ಸ್ನಾಯು, ಅಂದರೆ ಕ್ವಾಡ್ರಿಸೆಪ್ಸ್, ಎಳೆಯಲ್ಪಡುತ್ತದೆ. ಈ ಅಲೆ ಕದಿರುಗಳನ್ನು ಮುಟ್ಟಲು ಒಂದೆರಡು ಮಿಲಿಸೆಕೆಂಡು ಸಾಕು. ತೊಡೆಯ ನಡುವಿನಿಂದ ಬೆನ್ನುಹುರಿಯವರೆಗಿನ ದಾರಿಯನ್ನು ಅರ್ಧ ಮೀಟರ್ ಎಂದು ಹಿಡಿಯೋಣ. ಮನುಷ್ಯರ ಒನ್-ಎ ತಂತುಗಳಲ್ಲಿ ಸಂಕೇತ ಸೆಕೆಂಡಿಗೆ ಸುಮಾರು 60 ಮೀಟರ್ ವೇಗದಲ್ಲಿ ಓಡುತ್ತದೆ. ಆದ್ದರಿಂದ ಒಳಮುಖ ಪಯಣಕ್ಕೆ ಸುಮಾರು 8 ಮಿಲಿಸೆಕೆಂಡು. ಬೆನ್ನುಹುರಿಯೊಳಗೆ ಸಂಕೇತ ಒಂದೇ ಒಂದು ಸಿನಾಪ್ಸನ್ನು, ಅಂದರೆ ಎರಡು ನರಕೋಶಗಳು ಸೇರುವ ಜಾಗವನ್ನು, ದಾಟುತ್ತದೆ. ಅದಕ್ಕೆ ಒಂದು ಮಿಲಿಸೆಕೆಂಡು ಸಾಕು. ಕ್ರಿಯಾವಾಹಿ ತಂತುವಿನಲ್ಲಿ ವೇಗ ಸೆಕೆಂಡಿಗೆ ಸುಮಾರು 50 ಮೀಟರ್. ಹಿಂದಿರುಗುವ ಅರ್ಧ ಮೀಟರಿಗೆ 10 ಮಿಲಿಸೆಕೆಂಡು. ನರದಿಂದ ಸ್ನಾಯುವಿಗೆ ಸಂಕೇತ ದಾಟಲು ಇನ್ನೊಂದು. ಒಟ್ಟು ಕೂಡಿಸಿದರೆ 21 ಅಥವಾ 22 ಮಿಲಿಸೆಕೆಂಡು ಆಗುತ್ತದೆ, ಮತ್ತು ಸ್ನಾಯುವಿನ ವಿದ್ಯುತ್ತನ್ನು ದಾಖಲಿಸುವ ಯಂತ್ರ ಜೋಡಿಸಿ ಅಳೆದಾಗಲೂ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. ಕಾಲು ಚಿಮ್ಮಿದ್ದು ಕಣ್ಣಿಗೆ ಕಾಣುವುದು ಇನ್ನೂ ಸ್ವಲ್ಪ ತಡವಾಗಿ, ಏಕೆಂದರೆ ಸ್ನಾಯು ಬಿಗಿದು ಭಾರವಾದ ಕಾಲನ್ನು ಎತ್ತಲು ಸಮಯ ಬೇಕು. ಚರ್ಮ ಮುಟ್ಟಿದ್ದು ತಿಳಿದೊಡನೆ ಬೇಕೆಂದೇ ಕಾಲು ಎತ್ತುವುದಕ್ಕೆ ನೂರಕ್ಕೂ ಹೆಚ್ಚು ಮಿಲಿಸೆಕೆಂಡು ಹಿಡಿಯುತ್ತದೆ. ಹೀಗಾಗಿ ತಟ್ಟಿದ ಅರಿವು ಮನಸ್ಸಿಗೆ ಸರಿಯಾಗಿ ಮೂಡುವ ಮೊದಲೇ ಕೆಲಸ ಮುಗಿದಿರುತ್ತದೆ, ಮತ್ತು ಯಾರೂ ಇದನ್ನು ಅದೇ ವೇಗದಲ್ಲಿ ನಟಿಸಲಾರರು.

ಒಂದೇ ಸಿನಾಪ್ಸ್ ಎಂಬ ಈ ಮಾತನ್ನು ಒಪ್ಪಿಸಲು ಬಹಳ ವರ್ಷಗಳು ಬೇಕಾದವು. 1875ರಲ್ಲಿ ವಿಲ್ಹೆಲ್ಮ್ ಎರ್ಬ್ ಮತ್ತು ಕಾರ್ಲ್ ವೆಸ್ಟ್‌ಫಾಲ್ ಎಂಬ ಇಬ್ಬರು ಜರ್ಮನ್ ವೈದ್ಯರು, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಒಂದೇ ನಿಯತಕಾಲಿಕದಲ್ಲಿ ನೀ ಜರ್ಕನ್ನು ವಿವರಿಸಿದರು. ಎರ್ಬ್ ಇದು ಬೆನ್ನುಹುರಿಯ ಮೂಲಕ ಬರುವ ರಿಫ್ಲೆಕ್ಸ್, ಅಂದರೆ ಶಾಲೆಯ ಪುಸ್ತಕಗಳು ಪರಾವರ್ತಿತ ಕ್ರಿಯೆ ಎನ್ನುವುದು, ಎಂದರು. ವೆಸ್ಟ್‌ಫಾಲ್ ಅದನ್ನು ಒಪ್ಪದೆ, ಸ್ನಾಯು ಪೆಟ್ಟಿಗೆ ನೇರವಾಗಿ ಸ್ಪಂದಿಸುತ್ತದೆ ಎಂದರು. ವೆಸ್ಟ್‌ಫಾಲ್ ಅವರ ಪಕ್ಷಕ್ಕೂ ಬಲವಿತ್ತು: ಆ ಕಾಲಕ್ಕೆ ತಿಳಿದಿದ್ದ ಬೇರೆ ರಿಫ್ಲೆಕ್ಸ್‌ಗಳಿಗೆ ಹೋಲಿಸಿದರೆ ಇದು ಅತಿ ಶೀಘ್ರವಾಗಿತ್ತು. ಆದರೆ ಬೆನ್ನುಹುರಿಗೆ ಸುದ್ದಿ ಒಯ್ಯುವ ಹಿಂದಿನ ನರಬೇರನ್ನು ಪ್ರಾಣಿಗಳಲ್ಲಿ ಕತ್ತರಿಸಿದಾಗ, ಸ್ನಾಯುವಿಗೆ ಹೋಗುವ ನರ ಪೂರ್ತಿ ಚೆನ್ನಾಗಿದ್ದರೂ ಜರ್ಕ್ ನಿಂತುಹೋಗುತ್ತಿತ್ತು. ಸಂಕೇತ ಒಳಗೆ ಹೋಗಿ ಬರಲೇಬೇಕು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. 1924ರಲ್ಲಿ ಲಿಡ್ಡೆಲ್ ಮತ್ತು ಶೆರಿಂಗ್ಟನ್ ಹಿಗ್ಗಿಸಿದ ಸ್ನಾಯು ತಾನೇ ಸಂಕುಚಿಸುವ ಗುಣವನ್ನು ವಿವರವಾಗಿ ಅಧ್ಯಯನ ಮಾಡಿದರು. ಈ ದಾರಿಯಲ್ಲಿ ಎರಡೇ ನರಕೋಶಗಳಿವೆ ಎಂಬುದನ್ನು 1943ರಲ್ಲಿ ಡೇವಿಡ್ ಲಾಯ್ಡ್ ಸಮಯದ ಅಳತೆಗಳಿಂದ ತೋರಿಸಿಕೊಟ್ಟರು.

ಒಳಬಂದ ತಂತು ಅದೇ ವೇಳೆಗೆ ಇನ್ನೊಂದು ಕವಲನ್ನು ನಡುವಿನ ಒಂದು ನರಕೋಶಕ್ಕೆ ಕೊಡುತ್ತದೆ. ಆ ನಡುವಿನ ಕೋಶ ತೊಡೆಯ ಹಿಂಭಾಗದ ಸ್ನಾಯುಗಳ ಕ್ರಿಯಾವಾಹಿ ಕೋಶಗಳನ್ನು ತಡೆಯುತ್ತದೆ. ಮುಂದಿನ ಸ್ನಾಯು ಎಳೆಯುವಾಗ ಹಿಂದಿನದು ಎದುರು ನಿಲ್ಲದಿರಲಿ ಎಂಬ ಏರ್ಪಾಡು ಇದು. ಕಾಲು ಚಿಮ್ಮುತ್ತಿದ್ದಂತೆ ಸ್ನಾಯು ಗಿಡ್ಡವಾಗುವುದರಿಂದ ಅದರ ಪಕ್ಕದಲ್ಲೇ ಮಲಗಿರುವ ಕದಿರು ಸಡಿಲಗೊಂಡು ಕ್ಷಣಕಾಲ ಮೌನವಾಗುತ್ತದೆ. ಜರ್ಕ್ ಒಮ್ಮೆಗೇ ಮುಗಿಯುವುದಕ್ಕೆ ಇದೂ ಒಂದು ಕಾರಣ. ನಿತ್ಯದ ಚಲನೆಯಲ್ಲಿ ಕದಿರು ಹೀಗೆ ಸಡಿಲಗೊಂಡು ಕುರುಡಾಗದಂತೆ ನೋಡಿಕೊಳ್ಳುವುದು ಗ್ಯಾಮಾ ಎಂಬ ಸಣ್ಣ ಕ್ರಿಯಾವಾಹಿ ನರಗಳು. ನಾವು ಬೇಕೆಂದು ಸ್ನಾಯುವನ್ನು ಸಂಕುಚಿಸಿದಾಗ ಅವು ಕದಿರಿನೊಳಗಿನ ತಂತುಗಳ ಎರಡು ತುದಿಗಳನ್ನೂ ಸಂಕುಚಿಸಿ ನಡುಭಾಗವನ್ನು ಬಿಗಿಯಾಗಿಯೇ ಇಡುತ್ತವೆ.

ನಿಧಾನವಾದ ಎಳೆತದೊಡನೆ ಹೋಲಿಸಿ ನೋಡುವುದು

ಇಷ್ಟನ್ನು ಓದಿದವರು ಒಂದು ಚಿಕ್ಕ ಪರೀಕ್ಷೆಯನ್ನು ತಾವೇ ಮಾಡಬೇಕು. ಇಳಿಬಿಟ್ಟ ಕಾಲನ್ನು ಪಾದದಲ್ಲಿ ಹಿಡಿದು ಮೆಲ್ಲಮೆಲ್ಲಗೆ ಹಿಂದಕ್ಕೆ, ಮೇಜಿನ ಕೆಳಗೆ, ಒಯ್ಯಿರಿ. ತೊಡೆಯ ಮುಂದಿನ ಸ್ನಾಯು ಆಗ ಕೆಲವು ಸೆಂಟಿಮೀಟರುಗಳಷ್ಟು ಹಿಗ್ಗುತ್ತದೆ, ಅಂದರೆ ಸುತ್ತಿಗೆ ಹಿಗ್ಗಿಸಿದ್ದಕ್ಕಿಂತ ಹಲವು ಪಟ್ಟು ಹೆಚ್ಚು. ಆದರೂ ಅಂಗೈಯ ಕೆಳಗೆ ಏನೂ ಹಾರುವುದಿಲ್ಲ. ಕದಿರುಗಳು ಸುಮ್ಮನಿಲ್ಲ, ಸುದ್ದಿ ಕಳುಹಿಸುತ್ತಲೇ ಇವೆ, ಆದರೆ ಅವುಗಳ ಸಂಕೇತಗಳು ಚದುರಿ ಬರುತ್ತವೆ. ಇನ್ನು ಮಂಡಿಚಿಪ್ಪಿನ ಕೆಳಗಿನ ಚರ್ಮವನ್ನು ಹಿಡಿದು ಚಿವುಟಿ ನೋಡಿ: ನೋವು ತಿಳಿಯುತ್ತದೆ, ಆದರೆ ಜರ್ಕ್ ಬರುವುದಿಲ್ಲ. ತಟ್ಟು ಎಂದರೆ ಚರ್ಮದ ಸ್ಪರ್ಶವೂ ಅಲ್ಲ, ದೊಡ್ಡ ಹಿಗ್ಗುವಿಕೆಯೂ ಅಲ್ಲ, ಥಟ್ಟನೆಯ ಹಿಗ್ಗುವಿಕೆ ಎಂಬುದು ಈ ಎರಡು ಹೋಲಿಕೆಗಳಿಂದ ಕೈಗೇ ಸಿಗುತ್ತದೆ.

ನರಗಳ ಹೊರಕವಚ ಹಾಳಾಗುವ ರೋಗಗಳಲ್ಲಿ ಜರ್ಕ್ ಏಕೆ ಬೇಗ ಹೋಗುತ್ತದೆ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಗಿಯಾನ್-ಬಾರೆ ಎಂಬ ರೋಗದ ಸಾಮಾನ್ಯ ರೂಪದಲ್ಲಿ ಕೆಲವು ತಂತುಗಳು ನಿಧಾನವಾಗುತ್ತವೆ, ಕೆಲವು ಮೊದಲಿನ ವೇಗದಲ್ಲೇ ಇರುತ್ತವೆ, ಕೆಲವು ಸಂಕೇತಗಳು ದಾರಿಯಲ್ಲೇ ನಿಲ್ಲುತ್ತವೆ. ಒಟ್ಟಿಗೆ ಹೊರಟ ಸಂಕೇತಗಳು ಬೆನ್ನುಹುರಿಯನ್ನು ಒಟ್ಟಿಗೆ ತಲುಪುವುದಿಲ್ಲ; ತೇರಿನ ಹಗ್ಗದ ಜನ ಚದುರಿದಂತೆ. ಕಾಲಿನಲ್ಲಿ ಇನ್ನೂ ಸಾಕಷ್ಟು ಬಲ ಉಳಿದಿರುವಾಗಲೇ ಜರ್ಕ್ ಕಾಣೆಯಾಗಬಹುದು.

ಉತ್ತರ ಬಾರದಿದ್ದಾಗ

ಮೊದಲು ನಿಮ್ಮ ಕ್ರಮವನ್ನೇ ಸಂಶಯಿಸಬೇಕು. ವ್ಯಕ್ತಿ ಸುತ್ತಿಗೆಯನ್ನೇ ದಿಟ್ಟಿಸುತ್ತಿದ್ದರೆ ತೊಡೆಯ ಹಿಂದಿನ ಸ್ನಾಯುಗಳನ್ನು ಬಿಗಿಹಿಡಿದಿರುವ ಸಾಧ್ಯತೆ ಹೆಚ್ಚು. ಮಂಡಿಯ ಹಿಂದೆ ಎರಡೂ ಪಕ್ಕದ ರಜ್ಜುಗಳನ್ನು ಮುಟ್ಟಿ ನೋಡಿದರೆ ಅವು ತಂತಿಯಂತೆ ಎದ್ದು ನಿಂತಿರುತ್ತವೆ. ಮುಂದಿನ ಸ್ನಾಯು ಸಂಕುಚಿಸಿದರೂ ಇವು ಕಾಲನ್ನು ಹಿಡಿದುಬಿಡುತ್ತವೆ. ರಜ್ಜುವಿನ ನಡುವಿಗೆ ತಟ್ಟದೆ ಪಕ್ಕಕ್ಕೆ ತಟ್ಟಿರಬಹುದು. ಬೆರಳಿನಿಂದ ಮತ್ತೆ ಹುಡುಕಿ.

ಕ್ರಮ ಸರಿಯಿದ್ದೂ ಉತ್ತರ ಬಾರದಿದ್ದರೆ ಹಂಗೇರಿಯ ಎರ್ನೋ ಯೆಂಡ್ರಾಸಿಕ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ತೋರಿಸಿಕೊಟ್ಟ ಉಪಾಯವನ್ನು ಬಳಸಬೇಕು. ಎರಡೂ ಕೈಗಳ ಬೆರಳುಗಳನ್ನು ಕೊಂಡಿಯಂತೆ ಒಂದಕ್ಕೊಂದು ಸಿಕ್ಕಿಸಿಕೊಂಡು, ನೀವು ‘ಎಳೆಯಿರಿ’ ಎಂದೊಡನೆ ಬಲವಾಗಿ ಹೊರಕ್ಕೆ ಎಳೆಯಲು ಹೇಳಿ. ಎಳೆಯುತ್ತಿರುವಾಗಲೇ ತಟ್ಟಬೇಕು. ಇದರ ಪರಿಣಾಮ ಎಳೆದ ಮೊದಲ ಒಂದೆರಡು ಸೆಕೆಂಡುಗಳಲ್ಲೇ ಹೆಚ್ಚು. ಮೊದಲೇ ಎಳೆಸಿ, ಆಮೇಲೆ ಸುತ್ತಿಗೆ ಹುಡುಕುತ್ತ ಕೂತರೆ ಪ್ರಯೋಜನವಿಲ್ಲ. ಕೈ ಎಳೆದರೆ ಕಾಲಿನ ಜರ್ಕ್ ಏಕೆ ಹೆಚ್ಚಬೇಕು ಎಂಬುದಕ್ಕೆ ಗ್ಯಾಮಾ ನರಗಳು ಕದಿರನ್ನು ಬಿಗಿಗೊಳಿಸುತ್ತವೆ ಎಂಬ ವಿವರಣೆ ಹಿಂದೆ ಪ್ರಚಲಿತವಾಗಿತ್ತು, ಕೆಲವು ಪಠ್ಯಗಳಲ್ಲಿ ಈಗಲೂ ಇದೆ. ಆದರೆ ಎಚ್ಚರವಿರುವ ಮನುಷ್ಯರ ನರದೊಳಗೆ ಸೂಕ್ಷ್ಮ ಸೂಜಿ ಇಟ್ಟು ಕದಿರಿನ ಸಂಕೇತಗಳನ್ನು ದಾಖಲಿಸಿದಾಗ, ಸ್ನಾಯು ಸಡಿಲವಾಗಿರುವವರೆಗೆ ಅವು ಹೆಚ್ಚಾದದ್ದು ಕಾಣಲಿಲ್ಲ. ಬದಲಾವಣೆ ನಡೆಯುವುದು ಕದಿರಿನಲ್ಲಲ್ಲ, ಬೆನ್ನುಹುರಿಯ ಒಳಗೆ ಎಂಬ ಕಡೆಗೆ ಈಗಿನ ಒಲವಿದೆ.

ಬಂದದ್ದನ್ನು ಓದುವುದು: ಒಂದು ಪ್ರಕರಣ

ಬರೆದಿಡಲು ಸಾಮಾನ್ಯವಾಗಿ 0ರಿಂದ 4ರವರೆಗಿನ ಅಂಕಗಳನ್ನು ಬಳಸುತ್ತಾರೆ. ಕೈ ಎಳೆಸಿದರೂ ಬಾರದಿದ್ದರೆ 0, ಮಂಕಾಗಿದ್ದರೆ 1+, ಸಾಧಾರಣವಾಗಿದ್ದರೆ 2+, ಚುರುಕಾಗಿದ್ದರೆ 3+, ಒಂದು ಎಳೆತಕ್ಕೆ ಸ್ನಾಯು ಮತ್ತೆಮತ್ತೆ ಅದುರುತ್ತಿದ್ದರೆ 4+. ಒಂದೇ ಅಂಕವನ್ನು ಹಿಡಿದುಕೊಂಡು ತೀರ್ಪು ಕೊಡಬಾರದು. ಎಲ್ಲ ಕಡೆಯೂ 1+ ಇರುವ ಪೂರ್ತಿ ಆರೋಗ್ಯವಂತರಿದ್ದಾರೆ, ಎಲ್ಲ ಕಡೆಯೂ 3+ ಇರುವವರೂ ಇದ್ದಾರೆ. ಅರ್ಥ ಹುಟ್ಟುವುದು ವ್ಯತ್ಯಾಸದಲ್ಲಿ: ಬಲಕ್ಕೂ ಎಡಕ್ಕೂ, ಮಂಡಿಗೂ ಹಿಮ್ಮಡಿಗೂ.

ನಲವತ್ತು ದಾಟಿದ ಒಬ್ಬ ಲಾರಿ ಚಾಲಕರು ಸೊಂಟನೋವೆಂದು ಬಂದರು ಎಂದುಕೊಳ್ಳೋಣ. ನೋವು ಎಡ ಪೃಷ್ಠದಿಂದ ಮೀನಖಂಡದ ಹಿಂಬದಿಯಲ್ಲಿ ಇಳಿದು ಕಿರುಬೆರಳಿನವರೆಗೆ ಹೋಗುತ್ತದೆ. ನೀ ಜರ್ಕ್ ಎರಡೂ ಕಡೆ 2+ ಇದೆ. ನೀ ಜರ್ಕಿನ ದಾರಿ ಮುಖ್ಯವಾಗಿ ಬೆನ್ನುಹುರಿಯ ಸೊಂಟದ ಭಾಗದ ಎಲ್-3 ಮತ್ತು ಎಲ್-4 ನರಬೇರುಗಳ ಮೂಲಕ ಹಾದುಹೋಗುವುದರಿಂದ ಆ ಬೇರುಗಳು ಎರಡೂ ಕಡೆ ಕೆಲಸ ಮಾಡುತ್ತಿವೆ. ಈಗ ಅವರನ್ನು ಕುರ್ಚಿಯ ಮೇಲೆ ಮಂಡಿಯೂರಿ ನಿಲ್ಲಿಸಿ, ಪಾದಗಳು ಅಂಚಿನಿಂದ ಹೊರಗೆ ಇಳಿಬಿದ್ದಿರುವಂತೆ ಮಾಡಿ. ನಿಮ್ಮ ಕೈಯಿಂದ ಪಾದವನ್ನು ಹಗುರವಾಗಿ ಒತ್ತಿ ಮೀನಖಂಡದ ಸ್ನಾಯುವನ್ನು ಹದವಾಗಿ ಬಿಗಿಗೊಳಿಸಿ, ಹಿಮ್ಮಡಿಯ ಮೇಲಿನ ದಪ್ಪ ರಜ್ಜುವನ್ನು ತಟ್ಟಿ. ಬಲಪಾದ ಒಮ್ಮೆ ನಿಮ್ಮ ಕೈಯನ್ನು ಒತ್ತುತ್ತದೆ. ಎಡಪಾದ ಸುಮ್ಮನಿದೆ, ಹಲ್ಲು ಕಚ್ಚಲು ಹೇಳಿ ತಟ್ಟಿದರೂ ಸುಮ್ಮನಿದೆ. (ಕೈಗಳು ಕುರ್ಚಿಯನ್ನು ಹಿಡಿದಿರುವಾಗ ಹಲ್ಲು ಕಚ್ಚಿಸುವುದೂ ಯೆಂಡ್ರಾಸಿಕ್ ಉಪಾಯದ ಇನ್ನೊಂದು ರೂಪ.)

ಹಿಮ್ಮಡಿಯ ಜರ್ಕ್ ಅವುಗಳಿಗಿಂತ ಕೆಳಗಿನ ಎಸ್-1 ಎಂಬ ನರಬೇರಿನ ದಾರಿಯದು. ಕಾಣೆಯಾದದ್ದು ಎಡಗಡೆಯದು ಮಾತ್ರ, ನೋವಿನ ದಾರಿಯೂ ಅದೇ ಬೇರಿನದು. ಎಡಗಾಲಿನ ಮೇಲೆ ಮಾತ್ರ ನಿಂತು ಹಿಮ್ಮಡಿ ಎತ್ತಲು ಅವರಿಗೆ ಕಷ್ಟವಾಗುತ್ತಿದ್ದರೆ, ಪಾದದ ಹೊರ ಅಂಚಿನಲ್ಲಿ ಸ್ಪರ್ಶ ಮಂದವಾಗಿದ್ದರೆ, ಸೊಂಟದ ಕೆಳಭಾಗದ ಡಿಸ್ಕ್ ಎಡ ಎಸ್-1 ಬೇರನ್ನು ಒತ್ತುತ್ತಿದೆ ಎಂಬ ಅನುಮಾನ ಬಲವಾಗುತ್ತದೆ. ಆದರೆ ಜರ್ಕ್ ಒಂದೇ ಈ ತೀರ್ಮಾನ ಕೊಡಲಾರದು. ವಿದ್ಯುತ್ ಮಂಡಲದ ಯಾವ ತುಂಡು ಕಡಿದರೂ ದೀಪ ಆರುವಂತೆ, ಕದಿರಿನಿಂದ ಹೊರಡುವ ತಂತು, ಬೇರು, ಬೆನ್ನುಹುರಿಯ ಆ ಭಾಗ, ಮರಳಿ ಬರುವ ನರ, ಸ್ನಾಯು, ಇವುಗಳಲ್ಲಿ ಯಾವುದು ಕೆಟ್ಟರೂ ಉತ್ತರ 0 ಆಗುತ್ತದೆ. ಇದೇ ವ್ಯಕ್ತಿಗೆ ಎರಡೂ ಹಿಮ್ಮಡಿಗಳಲ್ಲಿ ಜರ್ಕ್ ಇಲ್ಲದೆ, ಎರಡೂ ಪಾದಗಳ ಬೆರಳುಗಳಲ್ಲಿ ಕಂಪನದ ಅರಿವೂ ಮಂದವಾಗಿದ್ದರೆ ಡಿಸ್ಕಿಗಿಂತ ಮೊದಲು ಮಧುಮೇಹದಿಂದಾದ ನರಹಾನಿಯನ್ನು ನೆನೆಯಬೇಕು. ಅದು ಉದ್ದವಾದ ನರಗಳ ತುದಿಯನ್ನೇ ಮೊದಲು ಹಿಡಿಯುತ್ತದೆ. ವಯಸ್ಸಾದವರಲ್ಲಿ ಹಿಮ್ಮಡಿಯ ಜರ್ಕ್ ಎರಡೂ ಕಡೆ ಇಲ್ಲದಿರುವುದು ಬೇರಾವ ರೋಗವಿಲ್ಲದೆಯೂ ಕಾಣುತ್ತದೆ. ಜರ್ಕ್ ಬಂದು, ಪಾದ ಮರಳಿ ಇಳಿಯುವುದು ಮಾತ್ರ ಎದ್ದುಕಾಣುವಷ್ಟು ನಿಧಾನವಾಗಿದ್ದರೆ ಥೈರಾಯ್ಡ್ ಕಡಿಮೆಯಾಗಿದೆಯೇ ಎಂದು ನೋಡಬೇಕು.

ಚುರುಕಾದ ಜರ್ಕ್ ಬೇರೆ ದಿಕ್ಕಿನ ಸುದ್ದಿ. ಮಿದುಳಿನಿಂದ ಇಳಿದು ಬರುವ ನರಮಾರ್ಗಗಳು ಈ ದಾರಿಯನ್ನು ಹದದಲ್ಲಿಡುತ್ತವೆ; ಅವು ಹಾಳಾದರೆ ಹತೋಟಿ ತಪ್ಪಿ ಉತ್ತರ ಜೋರಾಗುತ್ತದೆ. ಆದರೆ ಬೆನ್ನುಹುರಿಗೆ ಪೆಟ್ಟು ಬಿದ್ದ ಅಥವಾ ಪಾರ್ಶ್ವವಾಯು ಹೊಡೆದ ಮೊದಲ ದಿನಗಳಲ್ಲಿ ಜರ್ಕ್ ಹೆಚ್ಚಾಗದೆ ಕುಗ್ಗಿಯೇ ಇರಬಹುದು. ಜೋರಾಗುವುದು ದಿನಗಳು, ವಾರಗಳು ಕಳೆದ ಮೇಲೆ.

ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಮೂತ್ರ, ಮಲದ ಹತೋಟಿ ತಪ್ಪಿದರೆ, ತೊಡೆಸಂದು ಮತ್ತು ಆಸನದ ಜಾಗ ಮರಗಟ್ಟಿದರೆ ಸುತ್ತಿಗೆಯನ್ನು ಬದಿಗಿಟ್ಟು ಆ ಕ್ಷಣವೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕಳುಹಿಸಬೇಕು.

ನಮ್ಮ ಲಾರಿ ಚಾಲಕರ ಹಾಳೆಯ ಮೇಲೆ ಬರೆಯಬೇಕಾದದ್ದು ಇಷ್ಟು: ಮಂಡಿ, ಬಲ 2+, ಎಡ 2+, ಹಿಮ್ಮಡಿ, ಬಲ 2+, ಎಡ 0, ಹಲ್ಲು ಕಚ್ಚಿಸಿದಾಗಲೂ 0. ಜೊತೆಗೆ ಅಂದಿನ ದಿನಾಂಕ, ಮತ್ತು ಎಡಗಾಲಿನ ಮೇಲೆ ನಿಂತು ಎಷ್ಟು ಬಾರಿ ಹಿಮ್ಮಡಿ ಎತ್ತಿದರು ಎಂಬ ಎಣಿಕೆ. ನೋವು ಪೂರ್ತಿ ಹೋಗಿ ಕಾಲಿನ ಬಲ ಮರಳಿದ ಮೇಲೂ ಹಿಮ್ಮಡಿಯ ಜರ್ಕ್ ಹಲವರಲ್ಲಿ ಮರಳುವುದಿಲ್ಲ. ಮುಂದಿನ ಭೇಟಿಯಲ್ಲಿ ಗುಣವಾಗಿದೆಯೇ ಎಂದು ಹೇಳುವುದು ಆ ಎಣಿಕೆಯೇ. ಮತ್ತು ವರ್ಷಗಳ ನಂತರ ಇನ್ನೊಬ್ಬರು ಅದೇ ಕಾಲನ್ನು ತಟ್ಟಿದಾಗ, ಈ 0 ಹಳೆಯದೋ ಹೊಸದೋ ಎಂದು ತಿಳಿಸುವುದು ಆ ದಿನಾಂಕ.